ಟೋಕನ್ ಮುಗಿದ ಮಧ್ಯಾಹ್ನ

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ನಮ್ಮ ಭೂಕುಸಿತದ ಎಚ್ಚರಿಕೆ ವ್ಯವಸ್ಥೆ ನಿಂತಿತು. ಸಂಪಾಜೆ ಕಡೆಯ ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳ ವಾಟ್ಸ್ಆ್ಯಪ್ ಸಂದೇಶಗಳನ್ನು ಒಂದು ಎಐ ಭಾಷಾ ಮಾದರಿ ಓದಿ, ಅಪಾಯವಿದ್ದರೆ ನನ್ನ ಫೋನ್ ಬಾರಿಸುತ್ತಿತ್ತು. ಅದು ಕಲಿತ ಬರಹದಲ್ಲಿ ಕನ್ನಡ ಕಡಿಮೆ. ಹಾಗಾಗಿ ನಮ್ಮ ಪದಗಳನ್ನು ಇಂಗ್ಲಿಷಿಗಿಂತ ಹಲವು ಪಟ್ಟು ಚೂರು ಮಾಡಿ ಓದುತ್ತದೆ. ಆ ಚೂರುಗಳೇ ಟೋಕನ್. ಸಾಲದ್ದಕ್ಕೆ ನಾನು ಪ್ರತಿ ಸಂದೇಶದ ಜೊತೆಗೂ ಎಲ್ಲ ಮನೆಗಳ ಗುರುತು, ದಾರಿಯ ವಿವರಗಳನ್ನು ಕನ್ನಡದಲ್ಲೇ ಕಳಿಸುತ್ತಿದ್ದೆ. ದಿನದ ಟೋಕನ್ ಮಿತಿ ಮುಗಿದಿತ್ತು.

ಮೂರೂವರೆಗೆ, ಅಲ್ಲಿ ಕೆಲಸಗಾರರ ಲೆಕ್ಕ ನೋಡುವ ಎಸ್ಟೇಟ್ ರೈಟರ್ ಬರೆದಿದ್ದರು: "ಲೈನ್ ಹಿಂದಿನ ಬರೆ ಬಿರುಕು ಬಿಟ್ಟಿದೆ. ಏನ್ ಮಾಡೋದು ಮೇಡಂ?" ನಾನು ನೋಡಿದ್ದು ನಾಲ್ಕೂಕಾಲಿಗೆ. ಅಷ್ಟರಲ್ಲಿ ಆ ಬರೆ, ಮನೆಗಳ ಹಿಂದಿನ ಕಡಿದಾದ ಮಣ್ಣಿನ ದಿಣ್ಣೆ, ಕುಸಿದಿತ್ತು. ಉಳಿದವರನ್ನೆಲ್ಲ ಹೊರಗೆ ಕಳಿಸಿದ ಅವರೊಬ್ಬರೇ ಮಣ್ಣಿನಡಿ ಸಿಕ್ಕಿ ತೀರಿಕೊಂಡಿದ್ದರು.

"ನೀವು ಉತ್ತರ ಕೊಡ್ತೀರಿ ಅಂತ ಅಲ್ಲೇ ನಿಂತಿದ್ರು," ಎಂದರು ಅವರ ಹೆಂಡತಿ.

ಆಮೇಲೆ ಮನೆಗಳ ಪಟ್ಟಿಯನ್ನು ನಮ್ಮ ಕಂಪ್ಯೂಟರಿನಲ್ಲೇ ಇಟ್ಟು, ಸಂದೇಶ ಬಂದ ಮನೆಯ ಒಂದು ಸಾಲನ್ನಷ್ಟೇ ಮಾದರಿಗೆ ಕಳಿಸತೊಡಗಿದೆ. ಅದಕ್ಕೆ ಕೊಡುವ ಸೂಚನೆಗಳನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದೆ. ಜನರ ಕನ್ನಡವನ್ನು ಮುಟ್ಟಲಿಲ್ಲ. ಮಾದರಿ ನಿಂತರೆ ಸಂದೇಶ ನೇರ ನನಗೇ ಬರುವಂತೆ ಮಾಡಿದೆ. ಇಷ್ಟಕ್ಕೆ ಒಂದು ದಿನದ ಕೆಲಸ ಸಾಕಾಗಿತ್ತು. ಆದರೂ ತಿಂಗಳುಗಟ್ಟಲೆ ರಾತ್ರಿ ಫೋನ್ ನೋಡಲು ಎದ್ದು ಕೂರುತ್ತಿದ್ದೆ.

ಮುಂದಿನ ಮಳೆಗಾಲದ ಒಂದು ಭಾನುವಾರ ರಾತ್ರಿ ರೈಟರ್ ಹೆಂಡತಿಯ ಸಂದೇಶ ಬಂತು: "ಇಲ್ಲಿ ಮಳೆ ಬಿಟ್ಟಿದೆ. ನೀವು ಮಲಗಿ ಮೇಡಂ." ಅಂದು ಬೆಳಗಿನವರೆಗೂ ಎಚ್ಚರವಾಗಲಿಲ್ಲ.