ಪಡುಗೋಡೆಯ ತಟ್ಟಿ

ಮಳೆಗಾಲ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಅದಕ್ಕೇ ಕದ್ವಾಡದ ಈರಮ್ಮ ಪ್ರತಿ ಮೇ ಕೊನೆಗೆ ಬೈತಖೋಲ ಬಂದರಿನ ಹಡಗು ಕಂಪನಿಯ ಆಫೀಸಿನ ಪಡುಗೋಡೆಗೆ ಇರಿಚಲು ಬಡಿಯದಂತೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದಳು. ಉಳಿದ ದಿನ ಅಲ್ಲೇ ಕಸ ಗುಡಿಸುವ ಕೂಲಿ. ಗಂಡ ತೀರಿಕೊಂಡ ಮೇಲೆ ಒಲೆ ಉರಿಯುತ್ತಿದ್ದುದು ಆ ಕೂಲಿಯಿಂದಲೇ.

ತೊಂಬತ್ತೇಳರ ಆ ವರ್ಷ ಮಡಲು ಸಾಲಲಿಲ್ಲ. ತನ್ನ ಮನೆಗೆಂದು ಹೆಣೆದಿಟ್ಟ ತಟ್ಟಿಗಳನ್ನೇ ಹೊತ್ತು ತಂದಳು. ಕಟ್ಟಡ ನೋಡಿಕೊಳ್ಳುವ ಮಧುಕರ, "ಎಂದಿನ ಹಾಗೇ ಕಟ್ಟು" ಎಂದು ಹೇಳಿ ಒಳಗೆ ಹೋದ. ಆದರೆ ಗೋಡೆ ಎಂದಿನ ಹಾಗಿರಲಿಲ್ಲ. ಒಳಗಿನ ಸರ್ವರ್ ಕೋಣೆಯನ್ನು ತಂಪಾಗಿಡಲು ಚಳಿಗಾಲದಲ್ಲಿ ಎರಡು ಏಸಿ ಹಾಕಿಸಿದ್ದರು. ಅವುಗಳ ಹೊರಪೆಟ್ಟಿಗೆಗಳು ಅಲ್ಲೇ ಕೂತು ಬಿಸಿಗಾಳಿ ಉಗುಳುತ್ತಿದ್ದವು. ಈರಮ್ಮ ಅವುಗಳ ಮೇಲೆಯೇ ತಟ್ಟಿ ಎಳೆದು, ಹಗ್ಗ ಬಿಗಿದು, ಊಟಕ್ಕೆ ಕೂತಳು.

ಹೊರಗೆ ಹೋಗಬೇಕಾದ ಬಿಸಿ ತಟ್ಟಿಯೊಳಗೇ ಸುತ್ತಿತು. ಒತ್ತಡ ಏರಿ ಎರಡೂ ಕಂಪ್ರೆಸರ್ ನಿಂತವು. ಒಳಗಿನ ಫ್ಯಾನು ಮಾತ್ರ ತಿರುಗುತ್ತಿದ್ದುದರಿಂದ ಏಸಿ ನಡೆಯುತ್ತಿದೆ ಎಂದೇ ಎಲ್ಲರೂ ತಿಳಿದರು. ಕೋಣೆ ಕಾದು ಸರ್ವರ್‌ಗಳು ತಾವೇ ಆರಿಹೋದಾಗ ಬಂದರಿನಲ್ಲಿ ಒಂದು ಹಡಗಿನ ಕಾಗದಪತ್ರ ಅರ್ಧಕ್ಕೆ ನಿಂತಿತ್ತು.

ಸಂಜೆ ಮಧುಕರ ವರದಿ ಬರೆದು ಅವಳೆದುರು ಓದಿದ. ಹನ್ನೆರಡಕ್ಕೆ ತಟ್ಟಿ ಕಟ್ಟಿ ಮುಗಿಯಿತು, ಕೋಣೆ ಇಪ್ಪತ್ತೆರಡು ಡಿಗ್ರಿ. ಒಂದಕ್ಕೆ ಇಪ್ಪತ್ತೇಳು. ಎರಡಕ್ಕೆ ಮೂವತ್ತನಾಲ್ಕು. ಎರಡೂವರೆಗೆ ಮೂವತ್ತೆಂಟು, ಸರ್ವರ್ ಬಂದ್. ಮೂರಕ್ಕೆ ತಟ್ಟಿ ಬಿಚ್ಚಿ ಏಸಿ ಮತ್ತೆ ಚಾಲೂ ಮಾಡಿದ್ದು, ನಾಲ್ಕೂವರೆಗೆ ಇಪ್ಪತ್ನಾಲ್ಕು. ಎಂದಿನ ಹಾಗೇ ಕಟ್ಟಲು ಹೇಳಿದ್ದು ತಾನೇ ಎಂದೂ ಅವನು ಬರೆದಿದ್ದ. ಮನುಷ್ಯ ಸುಳ್ಳನಲ್ಲ.

ಕಟ್ಟುವಾಗ ಏನೂ ಗೊತ್ತಾಗಲಿಲ್ಲವೇ ಎಂದು ಕೇಳಿದ.

"ಮುಖಕ್ಕೆ ಬಿಸಿ ಬಡೀತಿತ್ತು ಸಾಯೇಬ್ರೆ. ಪಾಪ, ಹೊಸಾ ಯಂತ್ರ, ಮಳೇಲಿ ನೆನೀತದೆ ಹೇಳಿ ಇನ್ನೂ ಬಿಗಿಯಾಗಿ ಕಟ್ದೆ."

ಮಧುಕರ ಪೆನ್ನಿನ ಮುಚ್ಚಳ ಹಾಕಿದ. ಆ ಮಾತನ್ನು ಬರೆಯಲಿಲ್ಲ. ವರದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮಾರನೆ ದಿನ ಮ್ಯಾನೇಜರರು ಮಧುಕರನಿಗೆ ಎಚ್ಚರಿಕೆಯ ಕಾಗದ ಕೊಟ್ಟರು. ಈರಮ್ಮನಿಗೆ ಕಾಗದವೂ ಇಲ್ಲ, ಇನ್ನು ಬರಬೇಡ ಅಂದರಂತೆ ಎಂದು ಅವನೇ ಹೇಳಿದ. ಬಡವರ ಕೆಲಸ ಹೋಗಲು ಇಷ್ಟು ಸಾಕು. ಅವಳಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬಿಚ್ಚಿಹಾಕಿದ ತಟ್ಟಿ ಒಯ್ಯಲೇ ಎಂದಷ್ಟೇ ಕೇಳಿದಳು. ಅವನು ತಲೆಯಾಡಿಸಿದ.

ಮಳೆ ಹಿಡಿಯುವ ಮೊದಲು ಅವನ್ನು ತನ್ನ ಮನೆಯ ಪಡುಗೋಡೆಗೆ ಕಟ್ಟಿದಳು. ಆ ವರ್ಷ ಗೋಡೆ ಒಂದಿಷ್ಟೂ ನೆನೆಯಲಿಲ್ಲ. ಅದಕ್ಕೆ ಒರಗಿ ಕೂತು ಅಂಗೈ ಇಟ್ಟು ನೋಡಿದಳು. ಗೋಡೆ ತಣ್ಣಗಿತ್ತು. ಒಲೆಯೂ ತಣ್ಣಗಿತ್ತು.