ಎಕ್ಸ್‌ಪೈರ್ ಎಂಬ ಮಾತು

ಶಿವರತ್ನಮ್ಮ ತೀರಿಕೊಂಡು ನಲವತ್ತು ದಿನವಾಯಿತು. ನಾವಿಬ್ಬರೂ ಧನಗೆರೆ ಶಾಲೆಯಲ್ಲಿ ಒಂದೇ ಬೆಂಚಿನವರು. ನಾನು ಕೊಳ್ಳೇಗಾಲದ ಲೈಬ್ರರಿ ಸೇರಿದೆ. ಅವಳು ಕಾಮಗೆರೆಯ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಆಯಾ ಆಗಿದ್ದಳು. ಮಗಳು ಕೋಮಲ ಎರಡನೇ ಪಿಯುಸಿ.

ಕೋಮಲಳಿಗೆ ಫಿಸಿಕ್ಸ್ ಹತ್ತುತ್ತಿರಲಿಲ್ಲ. ಅದಕ್ಕೆಂದು ರತ್ನ ಆನ್‌ಲೈನ್ ಟ್ಯೂಷನ್‌ಗೆ ಹಣ ಕಟ್ಟಿದಳು. ತಿಂಗಳಿಗೆ ಎಂಟು ತರಗತಿ, ಸಂಜೆ ಏಳಕ್ಕೆ. ಮನೆಗಿದ್ದದ್ದು ಅವಳ ಫೋನೊಂದೇ. ಸಂಜೆ ಡ್ಯೂಟಿ ಬಿದ್ದರೆ ತರಗತಿಯನ್ನು ಬೇರೆ ದಿನಕ್ಕೆ ಹಾಕಬೇಕು, ಅದೂ ಹನ್ನೆರಡು ಗಂಟೆ ಮೊದಲೇ. ತಡವಾದರೆ ಆ ತರಗತಿ ಹೋದಂತೆ. ಹಾಗಾಗಿ ಬೆಳಗ್ಗೆ ಆರಕ್ಕೇ ಆಸ್ಪತ್ರೆಗೆ ಫೋನ್ ಮಾಡಿ ಡ್ಯೂಟಿ ಚಾರ್ಟ್ ಕೇಳುತ್ತಿದ್ದಳು.

ನವೆಂಬರಿನಲ್ಲಿ ಬೇಕೆಂದೇ ಮೂರು ತರಗತಿ ಉಳಿಸಿದಳು. "ನಮ್ಮ ಇಎಲ್ ರಜಾ ಇದ್ದಂಗೆ ಕಣಮ್ಮಿ. ಪರೀಕ್ಸೆ ಟೈಮ್ಗೆ ಕೂಡಾಕ್ಕತೀನಿ."

ನಿಯಮ ಓದಿ ನಾನು ಹೇಳಿದೆ: "ಕೂಡಲ್ಲ ಕಣೇ. ಉಳಿದದ್ದು ಮುಂದಿನ ಒಂದು ತಿಂಗಳಿಗೆ ಮಾತ್ರ ಬರುತ್ತೆ, ಅದೂ ಪ್ಲಾನ್ ಮುಂದುವರಿಸಿದ್ರೆ. ಆಮೇಲೆ ಎಕ್ಸ್‌ಪೈರ್."

"ವಾರ್ಡಲ್ಲಿ ಆ ಮಾತ ಕೇಳಿದ್ರೆ ಬೆಡ್‌ಶೀಟ್ ತಗ್ಯಕ್ಕೆ ಎದ್ದು ಓಯ್ತೀನಿ. ಮನೇಲೂ ಅದೇನಾ?" ಎಂದು ನಕ್ಕಳು. ಡಿಸೆಂಬರಿನಲ್ಲಿ ಆ ಮೂರನ್ನೂ ಮುಗಿಸಿದರು.

ಜನವರಿ ಹತ್ತೊಂಬತ್ತಕ್ಕೆ ರತ್ನಳ ಹೃದಯ ನಿಂತಿತು. ಪ್ಲಾನ್ ಇದ್ದದ್ದು ತಿಂಗಳ ಕೊನೆಯವರೆಗೆ. ಐದು ತರಗತಿ ಉಳಿದಿದ್ದವು. ಮತ್ತೆ ಕಟ್ಟುವ ಸ್ಥಿತಿ ಇರಲಿಲ್ಲ. ಪರೀಕ್ಷೆಗೆ ಮುಂಚೆ ಕೋಮಲಳಿಗೆ ಇನ್ನು ಸಿಗುವ ಪಾಠವೆಂದರೆ ಆ ಐದು ತರಗತಿಗಳೇ. ಆರನೆಯ ದಿನ ಬೆಳಗ್ಗೆ, ಕಾರ್ಯ ಮುಗಿಯುವವರೆಗೆ ಅವುಗಳನ್ನು ಉಳಿಸಿಕೊಡಿ ಎಂದು ಕೇಳಲು ರತ್ನಳ ಫೋನಿನಿಂದ ಟ್ಯೂಷನ್ ಆ್ಯಪಿನ ಚಾಟ್‌ನಲ್ಲಿ ಬರೆದೆ. ಇಂಗ್ಲಿಷ್‌ನಲ್ಲಿ ಬರೆಯುವಾಗ ನಮ್ಮ ಕಡೆ ಸಾವಿಗೆ ಎಲ್ಲರೂ ಬಳಸುವ ಮಾತೇ ಬಂತು: ಖಾತೆದಾರರು ಎಕ್ಸ್‌ಪೈರ್ ಆಗಿದ್ದಾರೆ.

ತಕ್ಷಣ ಯಂತ್ರದ ಉತ್ತರ: ಎಕ್ಸ್‌ಪೈರ್ ಆದದ್ದನ್ನು ಮರಳಿ ಕೊಡಲಾಗುವುದಿಲ್ಲ, ಕ್ಷಮಿಸಿ.

ಫೋನ್ ಮುಚ್ಚಿಡುವಷ್ಟರಲ್ಲಿ ಕೋಮಲ ಅದನ್ನು ಓದಿಬಿಟ್ಟಿದ್ದಳು. "ಅವ್ವ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಳು ಚಿಕ್ಕವ್ವ" ಎಂದಳು.

ಆಗ ಏಳಕ್ಕೆ ಕಾಲು ಗಂಟೆ ಇತ್ತು. ಅಂದಿನ ಸಂಜೆಯ ತರಗತಿಯನ್ನು ಬದಲಾಯಿಸಲು ಉಳಿದಿದ್ದ ಸಮಯ ಅಷ್ಟೇ.

"ಮುಂದಕ್ಕೆ ಹಾಕ್ಲಾ ಮಗಾ?"

"ಎಲ್ಲಿಗೆ ಅಂತ ಹಾಕೀರಿ? ಇರೋದೇ ಏಳು ದಿನ. ಬುಡಿ, ಕೂತ್ಕತೀನಿ."

ಸಂಜೆ ಅವಳು ಫೋನನ್ನು ತಾಯಿಯ ಊಟದ ಡಬ್ಬಿಗೆ ಒರಗಿಸಿದಳು. ಮೊದಲೆಲ್ಲ ತರಗತಿ ಶುರುವಾಗುವಾಗ ಪ್ರತಿ ಸಲ ರತ್ನ ಒಂದು ಕ್ಷಣ ತಲೆ ತೂರಿಸಿ ಮೇಷ್ಟ್ರಿಗೆ ಕೈ ಮುಗಿಯುತ್ತಿದ್ದಳು. ಇಂದು ಅವರೇ ಕೇಳಿದರು: "ಅಮ್ಮ ಎಲ್ಲಮ್ಮ, ಡ್ಯೂಟಿನಾ?"

ಕೋಮಲ ನನ್ನ ಕಡೆ ನೋಡಿದಳು. ಯಾವ ಮಾತು ಹೇಳುತ್ತಾಳೋ ಎಂದು ನಾನು ಕಾದೆ.

"ತೀರ್ಕಂಡ್ರು ಸಾ" ಎಂದಳು. ಆಮೇಲೆ ಪುಸ್ತಕ ತೆರೆದಳು.