ಫೋಟೊದ ಕೆಳಗ ಬರದ ಒಡಪು

ಮುಂಜಾನಿ ಟೀಪಾಯಿ ಒರಸೂ ಮುಂದ ಅಲ್ಬಮ್ ಕೈತಪ್ಪಿ ಬಿತ್ತು. ತೆರದ ಹಾಳ್ಯಾಗಿಂದ ಅಂಟಿನ ವಾಸನಿ ಮೂಗಿಗೆ ಬಡೀತು. ವರ್ಷ ಆದ್ರೂ ಹೋಗಿಲ್ಲ ನೋಡ್ರಿ. ಒರಸೂದು ಬಿಟ್ಟು ಕುಂತಬಿಟ್ಟೆ. ನೀವೂ ಕುಂದರ್ರಿ, ಚಾ ಆಮ್ಯಾಲ ಇಡ್ತೀನಿ.

ಹೋದ ವರ್ಷ ನಮ್ಮ ಲಗ್ನಕ್ಕ ಇಪ್ಪತ್ತೈದು ತುಂಬ್ತು. ಇವರಿಗೆ ಏನು ಕೊಡಬೇಕು? ಅಂಗಿ ಕೊಟ್ರ ಪ್ಲಾಸ್ಟಿಕ್ ಸೈತ ಬಿಚ್ಚದ ಕಪಾಟಿನ್ಯಾಗ ಇಡೂ ಮನಶ್ಯಾ. ನಿಪ್ಪಾಣಿ ಕಾಲೇಜಿನ್ಯಾಗ ಓದೂ ನನ್ನ ಮಗಳು ಹಳೇ ಫೋಟೊ ಎಲ್ಲಾ ಸ್ಟುಡಿಯೋದಾಗ ತೊಳಿಸಿ, ಒಂದು ಕರೇ ಹಾಳಿ ಅಲ್ಬಮ್ ತಂದು ಮುಂದಿಟ್ಟಳು. “ಅವ್ವಾ, ಒಂದೊಂದರ ಕೆಳಗ ನಿನ್ನ ಒಡಪು ಬರಿ. ಅಪ್ಪಾ ಖುಷ್ ಆಗ್ತಾನ.”

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಂಗ ಬಾಯಿಲೆ ತಗೊಳ್ಳೂದಿಲ್ಲ. ಲಗ್ನದಾಗ, ಬಸರಿ ಕುಬಸದಾಗ ಹೆಣ್ಣಮಕ್ಕಳು ಬಾಗಲಾ ಅಡ್ಡಗಟ್ಟಿ “ಹೆಸರು ಹೇಳು, ಒಳಗ ಬಾ” ಅಂದಾಗಷ್ಟ, ಪ್ರಾಸ ಕೂಡಿಸಿ ಅದರಾಗ ಹೆಸರು ಸೇರಿಸಿ ಹೇಳಬೇಕು. ಅದ ಒಡಪು. ಮ್ಯಾಲಿನ ಸಾಲಿಗೆ ಕಣ್ಣಿಗೆ ಕಂಡದ್ದು, ಕೆಳಗಿನ ಸಾಲಿಗೆ ಅವರ ಹೆಸರು. ನಾ ಒಡಪು ಹೇಳಾಕ ಭಾಳ ಹುಷಾರ್ ಅಂತ ಊರಾಗ ಹೆಸರೈತಿ. ಹಂಗಂತ ನಾನ ಹೇಳ್ಕೋತ ಅಡ್ಡಾಡ್ತೀನಿ.

ಅದ ಸೊಕ್ಕಿನ್ಯಾಗ ಬಾಯಿಪಾಠ ಇದ್ದದ್ದನ್ನೆಲ್ಲಾ ಪೆನ್ಸಿಲ್ಲಿಲೆ ಬರದೆ. ಬೆಳ್ಳಿ ತಾಟು, ಬಾಸುಂದಿ, ಮಲ್ಲಿಗಿ ದಂಡಿ, ಕಡೀಕ ಇವರ ಹೆಸರು, ಮಲಗೌಡರು. ಮಗಳು ಓದಿ ನಕ್ಕಳು. “ಅಪ್ಪನ ಹೆಸರು ತಗದು ಕಾಕಾನ ಹೆಸರು ಹಾಕಿದ್ರ ಕಾಕೂನೂ ಕೊಡಬಹುದಲ್ಲವ್ವಾ!”

ನನಗ ಸಿಟ್ಟು ನೆತ್ತಿಗೇರ್ತು. ಆದ್ರ ಸುಳ್ಳ ಹೇಳಿದ್ಲೇನು? ಎಲ್ಲಾ ಅಳಿಸಿದೆ. ಫೋಟೊದ ಕೆಳಗ ಎರಡು ಬೆರಳಿನಷ್ಟ ಜಾಗಾ. ಸಾಲು ಉದ್ದ ಆದ್ರ ಹಿಡಿಯೂದಿಲ್ಲ, ಗಿಡ್ಡ ಆದ್ರ ಪ್ರಾಸ ಕೂಡೂದಿಲ್ಲ. ಕಡೀ ಶಬ್ದ ಮೊದಲ ಹುಡುಕಿ, ಹಿಂದಕ್ಕ ಹಿಂದಕ್ಕ ಕಟ್ಕೋತ ಬರಬೇಕು. ಬೈಕಿನ ಮ್ಯಾಲ ಇವರು ಎದಿ ಉಬ್ಬಿಸಿ ಕುಂತ ಫೋಟೊಕ್ಕ ಹಿಂಗ ಕೂಡ್ತು:

ಹೊಸಾ ಗಾಡಿ ಕೆಟ್ಟು ನಿಂತೈತಿ ಅಥಣಿ ದಾರ್ಯಾಗ,
ಮಲಗೌಡರ ಗಾಡಿ ದಬ್ಬೇನಿ ರೇಷ್ಮಿ ಸೀರ್ಯಾಗ.

ದ್ರಾಕ್ಷಿ ತ್ವಾಟದ ಫೋಟೊಕ್ಕ ಹಿಂಗ:

ಬಳ್ಳಿ ಬಳ್ಳಿನೂ ಮುಂಜಾನೆದ್ದು ಮಾತಾಡಸ್ತಾರ,
ಮಲಗೌಡರು ನನ್ನ ಚಾ ಬೇಕಾದಾಗಷ್ಟ ಕೂಗತಾರ.

“ಇದೇನವ್ವಾ, ಕಾಣಿಕಿನೋ ತಕರಾರೋ?” ಅಂದ್ಲು ಮಗಳು.

ಆದ್ರ ಒಂದು ಮಾತು ಉಳಿದಿತ್ತು. ನನಗ ಅಣ್ಣ ತಮ್ಮ ಇಲ್ಲ. ನಮ್ಮವ್ವ ಲಕ್ವಾ ಹೊಡದು ಹಾಸಗಿ ಹಿಡದಾಗ, ಇವರೇ ನನ್ನ ತವರೂರು ಚಿಂಚಲಿಗೆ ಹೋಗಿ ಆಕೀನ ನಮ್ಮನಿಗೆ ಕರ್ಕೊಂಡ ಬಂದ್ರು. ನನ್ನ ಸೊಂಟ ನೋಯ್ತಂದ್ರ ತಾವ ಅವ್ವನ್ನ ಎತ್ತಿ ಕುಂದ್ರಿಸಿ ತಲಿ ಬಾಚ್ಯಾರ, ಹಾಸಗಿ ಒಗದಾರ. ಅಳಿಯ ಅನಿಸಿಕೊಂಡವರು! ಅವ್ವ ಹೋದ ಮ್ಯಾಲೂ ನಾ ಒಂದು ಮಾತು ಆಡಲಿಲ್ಲ. ಗಂಡಗ “ಉಪಕಾರ ಆತು” ಅಂದ್ರ ಪರರಿಗೆ ಅಂದಂಗ ಆಗ್ತೈತಿ ನಮ್ಮಲ್ಲಿ. ಅದು ಎದಿಯಾಗ ಹಂಗ ಕುಂತಿತ್ತು. ಈ ಸಲ ಹೇಳಲಿಲ್ಲಂದ್ರ ಇನ್ನ ಯಾವತ್ತೂ ಹೇಳೂದಿಲ್ಲ ಅನಿಸ್ತು. ಆದ್ರ ಆ ದಿನದ ಫೋಟೊನ ಇಲ್ಲ. ಹಾಸಗಿ ಹಿಡದವರದು ಯಾರು ಫೋಟೊ ತಗೀತಾರ? ಕಡೀ ಹಾಳಿ ಖಾಲಿ ಬಿಟ್ಟು ಕೆಳಗಷ್ಟ ಬರದೆ:

ಅವ್ವನ ತಲಿ ಹಿಕ್ಯಾರ, ಹಾಸಗಿ ಒಗದ ಹಾಕ್ಯಾರ,
ಮಲಗೌಡರು ನನ್ನ ತವರ ಈ ಮನ್ಯಾಗಿಟ್ಟು ಸಾಕ್ಯಾರ.

ಇಪ್ಪತ್ತೈದು ತುಂಬಿದ ದಿನ ಊಟಾದ ಮ್ಯಾಲ ಕೊಟ್ಟೆ. ಬೈಕಿಗೆ ನಕ್ಕರು. ದ್ರಾಕ್ಷಿಗೆ “ಹೌದಲೇ, ಖರೇ ಐತಿ” ಅಂದ್ರು. ಕಡೀ ಹಾಳಿಗೆ ಬಂದು ಖಾಲಿ ಜಾಗಾದ ಮ್ಯಾಲ ಕೈಯಾಡಿಸಿದ್ರು. ಕೆಟ್ಟ ಅನಿಸ್ತೇನೋ ಅಂದ್ಕೊಂಡೆ.

“ಒಡಪು ಬರಿಯೂದಲ್ಲ, ಹೇಳೂದು. ಹೇಳು,” ಅಂದ್ರು.

ಇಡೀ ಊರ ಮುಂದ ಹೇಳಿದಾಕಿ ನಾನು. ಅವತ್ತು ಮ್ಯಾಲಿನ ಸಾಲು ಹೆಂಗೋ ಹೇಳಿದೆ. ಕೆಳಗಿನ ಸಾಲಿಗೆ ಅವರ ಹೆಸರು ತಗೊಂಡೆ, ಅಷ್ಟ. ಅತ್ತಬಿಟ್ಟೆ.

ಇವರು ಮೊಬೈಲ್ ತಗದು ಭಾಳ ಹೊತ್ತು ಫೋಟೊ ಹಿಂದಕ್ಕ ಸರಿಸಿ ನನ್ನ ಮುಂದ ಹಿಡದ್ರು. ಅವ್ವನ ಮಂಚ. ನಾ ನೆಲಕ್ಕ ಕುಂತು ಮಂಚಕ್ಕ ತಲಿಯಿಟ್ಟು ನಿದ್ದಿ ಹೋಗೇನಿ. ಅವ್ವನ ಚೊಲೋ ಇದ್ದ ಕೈ ನನ್ನ ತಲಿ ಮ್ಯಾಲೈತಿ.

“ನಿನ್ನ ಎಬ್ಬಿಸಾಕ ಬಾಗಲ ತನಕ ಬಂದಿದ್ದೆ. ನಿಮ್ಮವ್ವ ಬ್ಯಾಡ ಅಂತ ಕಣ್ಣಿಲೆ ಸನ್ನಿ ಮಾಡಿದ್ರು. ಫೋಟೊ ತಗದು ಇಟ್ಟೆ. ತೋರಿಸಿದ್ರ ಅಳತಿ ಅಂತ ತೋರಿಸಿರಲಿಲ್ಲ.”

ಮುಂದಿನ ವಾರ ಮಗಳು ಅದನ್ನ ತೊಳಿಸಿಕೊಂಡು ಬಂದ್ಲು. ಖಾಲಿ ಹಾಳಿಗೆ ನಾನ ಅಂಟಿಸಿದೆ. ಇವತ್ತು ಬಿದ್ದು ತೆರಕೊಂಡದ್ದು ಇದ ಹಾಳಿ. ಮೊದಲೆಲ್ಲಾ ಇದನ್ನ ನೋಡಿದಾಗ ಅವ್ವನ್ನಷ್ಟ ನೋಡ್ತಿದ್ದೆ. ಇವತ್ತು ಮೊಬೈಲ್ ಹಿಡದು ಬಾಗಲಾಗ ನಿಂತವರೂ ಕಂಡ್ರು. ಫೋಟೊದಾಗ ಅವರಿಲ್ಲ, ತಗದವರೇ ಅವರಲ್ಲೇನ್ರಿ? ಕೆಳಗ ಹೆಸರೈತಿ.